ಪೋರ್ಟ್‌ಫೋಲಿಯೋ ಎಂಬ ಇನ್ನೊಂದು ಪ್ರಮಾಣಪತ್ರ

ನಾಗಪುರದ ಮೆಟ್ರೋದ ಎರಡು ಮಾರ್ಗಗಳು ಒಂದನ್ನೊಂದು ದಾಟುವುದು ಸೀತಾಬರ್ಡಿಯಲ್ಲಿ. ಊರಿನ ನಾಲ್ಕೂ ದಿಕ್ಕಿನ ಮಕ್ಕಳು ಬಂದು ಇಳಿಯುವ ಸ್ಥಳವಾದ್ದರಿಂದ ತರಬೇತಿ ಕೇಂದ್ರಗಳಿಗೂ ಅದೇ ಮೆಚ್ಚಿನ ನೆಲೆ. ಬೆರಳಚ್ಚು, ಶೀಘ್ರಲಿಪಿಗಳ ಕಾಲ ಹೋಗಿ ಕಂಪ್ಯೂಟರಿನ ಕಾಲ ಬಂದು, ಈಗ ‘ಯುಎಕ್ಸ್ ಡಿಸೈನ್’, ‘ಪ್ರಾಡಕ್ಟ್ ಮ್ಯಾನೇಜ್‌ಮೆಂಟ್’ ಎಂಬ ಮಾತುಗಳು ನಮ್ಮ ಕನ್ನಡ ಮನೆಗಳ ಊಟದ ಹೊತ್ತಿನ ಚರ್ಚೆಗೂ ಬಂದಿವೆ. ಇಂಜಿನಿಯರಿಂಗ್ ಮುಗಿಸಿದ ಮಗಳು, ಬಿಕಾಂ ಮುಗಿಸಿ ಎರಡು ವರ್ಷ ಬ್ಯಾಂಕಿನ ಪರೀಕ್ಷೆ ಬರೆದ ಅಳಿಯ, ಇಬ್ಬರದೂ ಒಂದೇ ಪ್ರಶ್ನೆ: ಪ್ರಮಾಣಪತ್ರ ಪಡೆಯಬೇಕೆ, ಪೋರ್ಟ್‌ಫೋಲಿಯೋ ಕಟ್ಟಬೇಕೆ?

ಈ ಪ್ರಶ್ನೆಗೆ ಬಲ್ಲವರೆಲ್ಲ ಈಗ ಒಂದೇ ಉತ್ತರ ಕೊಡುತ್ತಾರೆ: ‘ಪ್ರಮಾಣಪತ್ರವನ್ನು ಯಾರೂ ನೋಡುವುದಿಲ್ಲ, ಪೋರ್ಟ್‌ಫೋಲಿಯೋವನ್ನೇ ನೋಡುತ್ತಾರೆ.’ ಕೇಳಲು ಪ್ರಗತಿಪರವಾಗಿದೆ. ಕಾಗದಕ್ಕಿಂತ ಕೆಲಸ ದೊಡ್ಡದು ಎಂಬ ಮಾತನ್ನು ಅಲ್ಲಗಳೆಯುವವರು ಯಾರು? ಆದರೂ ನಮ್ಮ ತಕರಾರು ಈ ಉತ್ತರದ ಮೇಲೆಯೇ. ಇಂದು ಹೊಸಬರು ಹಿಡಿದುಕೊಂಡು ಹೋಗುವ ಪೋರ್ಟ್‌ಫೋಲಿಯೋ ಬಹುಪಾಲು ಪ್ರಮಾಣಪತ್ರದ ಉದ್ದನೆಯ ರೂಪವಷ್ಟೇ. ಅದನ್ನು ಕೆಲಸವೆಂದು ಭಾವಿಸಿ ತೂಗುವ ನೇಮಕಾತಿ ತಂಡಗಳು ಹಳೆಯ ತಪ್ಪನ್ನೇ ಹೊಸ ಹೆಸರಿನಲ್ಲಿ ಮಾಡುತ್ತಿವೆ.

ಮೊದಲು ಪ್ರಮಾಣಪತ್ರಗಳ ಜಾತಿಯನ್ನು ಬೇರ್ಪಡಿಸೋಣ. ಎಲ್ಲವನ್ನೂ ಒಂದೇ ಮಡಕೆಗೆ ಹಾಕುವುದು ನ್ಯಾಯವಲ್ಲ. ಯೋಜನಾ ನಿರ್ವಹಣೆಯ ಕ್ಷೇತ್ರದ ಪಿಎಂಪಿ ಎಂಬ ಪ್ರಮಾಣಪತ್ರಕ್ಕೆ, ನಾಲ್ಕು ವರ್ಷದ ಪದವಿ ಇದ್ದವರೂ ಮೂರು ವರ್ಷ ಯೋಜನೆಗಳನ್ನು ನಡೆಸಿದ ಅನುಭವ ತೋರಿಸಬೇಕು, 35 ಗಂಟೆಗಳ ತರಬೇತಿ ಪಡೆದಿರಬೇಕು, ಆಮೇಲೆ ಪರೀಕ್ಷೆ ಬರೆಯಬೇಕು. ಸ್ಕ್ರಮ್ ಅಲಯನ್ಸ್ ಕೊಡುವ ಪ್ರಾಡಕ್ಟ್ ಓನರ್ ಪ್ರಮಾಣಪತ್ರದ ರೀತಿ ಬೇರೆ: ಸಾಮಾನ್ಯವಾಗಿ ಎರಡು ದಿನಗಳ ತರಗತಿ, ಕೊನೆಗೆ ಪರೀಕ್ಷೆ ಇಲ್ಲ. ಇವೆರಡೂ ಅರ್ಜಿಯ ಮೇಲೆ ಮೂರೋ ನಾಲ್ಕೋ ಅಕ್ಷರಗಳಾಗಿ ಅಕ್ಕಪಕ್ಕ ಕುಳಿತಾಗ ನೋಡುವವರ ಕಣ್ಣಿಗೆ ಸಮಾನವಾಗಿ ಕಾಣುತ್ತವೆ. ‘ಪ್ರಾಜೆಕ್ಟ್’ ಮತ್ತು ‘ಪ್ರಾಡಕ್ಟ್’ ಎಂಬ ಎರಡು ಬೇರೆ ವೃತ್ತಿಗಳನ್ನು ಒಂದೇ ಎಂದು ತಿಳಿದು ಶುಲ್ಕ ಕಟ್ಟುವವರು ನಮ್ಮಲ್ಲಿ ಕಡಿಮೆಯಿಲ್ಲ. ಒಪ್ಪಿದ ಕೆಲಸವನ್ನು ಹೊತ್ತಿಗೆ ಸರಿಯಾಗಿ, ಹಣದ ಮಿತಿಯೊಳಗೆ ಮುಗಿಸುವವನು ಮೊದಲನೆಯವನು. ಯಾವ ಕೆಲಸವನ್ನು ಕೈಗೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವವನು ಎರಡನೆಯವನು.

ವಿನ್ಯಾಸದ ಕಡೆ ಅತ್ಯಂತ ಹೆಸರಾದದ್ದು ಗೂಗಲ್ ಸಂಸ್ಥೆ 2021ರಲ್ಲಿ ಕೋರ್ಸೆರಾದ ಮೂಲಕ ಆರಂಭಿಸಿದ ಯುಎಕ್ಸ್ ಪ್ರಮಾಣಪತ್ರ. ಪೂರ್ವಾನುಭವ ಬೇಡ, ವಾರಕ್ಕೆ ಹತ್ತು ಗಂಟೆಯೊಳಗೆ ಓದಿದರೆ ಸುಮಾರು ಆರು ತಿಂಗಳು ಎಂಬುದು ಅದರ ಆಹ್ವಾನ. ಇದನ್ನು ನಾವು ಹೀಗಳೆಯುವುದಿಲ್ಲ. ಸಂದರ್ಶನ ಮಾಡುವುದು ಹೇಗೆ, ಕಚ್ಚಾ ರೇಖಾಚಿತ್ರ ಬರೆಯುವುದು ಹೇಗೆ, ಬಳಕೆದಾರರ ಮುಂದಿಟ್ಟು ಪರೀಕ್ಷಿಸುವುದು ಹೇಗೆ ಎಂಬ ಕ್ರಮವನ್ನು ಅದು ಸರಳವಾಗಿ ಕಲಿಸುತ್ತದೆ. ದೊಡ್ಡ ವಿನ್ಯಾಸ ಶಾಲೆಯ ಬಾಗಿಲು ಕಾಣದ ಮಕ್ಕಳಿಗೆ ಅದೊಂದು ಕಿಟಕಿ. ಆದರೆ ನಮ್ಮ ವಾದಕ್ಕೆ ಬೇಕಾದ ಎರಡು ಸಂಗತಿಗಳು ಅದರಲ್ಲಿವೆ. ಕಲಿಯುವವರು ಅಲ್ಲಿ ಮೂರು ಪೋರ್ಟ್‌ಫೋಲಿಯೋ ಯೋಜನೆಗಳನ್ನು ಮುಗಿಸಬೇಕು: ಒಂದು ಮೊಬೈಲ್ ಆ್ಯಪ್, ಒಂದು ಜಾಲತಾಣ, ಮೂರನೆಯದು ಎರಡರಲ್ಲಿಯೂ ನಡೆಯುವಂಥದು. ವಿಷಯವನ್ನು ಸಿದ್ಧ ಪ್ರಶ್ನೆಗಳ ಸಾಲಿನಿಂದ ಆರಿಸಿಕೊಳ್ಳಬಹುದು. ಬರೆದ ಕೆಲಸವನ್ನು ಹೆಚ್ಚಾಗಿ ತಿದ್ದುವವರು ಸಹ ವಿದ್ಯಾರ್ಥಿಗಳೇ.

ಅಂದರೆ ಪೋರ್ಟ್‌ಫೋಲಿಯೋ ಪ್ರಮಾಣಪತ್ರಕ್ಕೆ ಎದುರಾಳಿಯಲ್ಲ, ಅದರ ಗರ್ಭದಲ್ಲಿಯೇ ಹುಟ್ಟಿದ ಕೂಸು. ಒಬ್ಬಳ ಯೋಜನೆಯಲ್ಲಿ ಸಾಕುನಾಯಿಯ ಆರೈಕೆ, ಇನ್ನೊಬ್ಬನದರಲ್ಲಿ ಕಾಫಿ ಅಂಗಡಿಯ ಮುಂಗಡ ಬೇಡಿಕೆ. ಉಳಿದದ್ದೆಲ್ಲ ಒಂದೇ ಅಚ್ಚು. ಮೊದಲು ಕಾಲ್ಪನಿಕ ಬಳಕೆದಾರಳ ನಗುಮುಖದ ಚಿತ್ರ, ಆಮೇಲೆ ಅವಳ ‘ನೋವುಗಳ’ ಪಟ್ಟಿ, ಬಣ್ಣದ ಚೀಟಿಗಳನ್ನು ಅಂಟಿಸಿದ ಗೋಡೆ, ಕಚ್ಚಾ ಚಿತ್ರ, ಮೆರುಗಿನ ಚಿತ್ರ, ಕೊನೆಗೆ ‘ಈ ಯೋಜನೆಯಿಂದ ಬಳಕೆದಾರರ ಬಗ್ಗೆ ಅನುಕಂಪ ಕಲಿತೆ’ ಎಂಬ ಒಂದು ವಾಕ್ಯ. ಎಲ್ಲಿಯೂ ಯಾರೂ ಅಡ್ಡಬಂದಿಲ್ಲ, ಏನೂ ಕೈಕೊಟ್ಟಿಲ್ಲ, ಯಾವುದನ್ನೂ ಬಿಡಬೇಕಾಗಿ ಬಂದಿಲ್ಲ.

ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಉದ್ಯೋಗ ಮಾರುಕಟ್ಟೆಯ ‘ಸಂಕೇತ’ಗಳ ಬಗ್ಗೆ ಬರೆದ ಪ್ರಬಂಧ ಇಲ್ಲಿ ನಮಗೆ ನೆರವಾಗುತ್ತದೆ. ಕೆಲಸ ಕೊಡುವವನಿಗೆ ಅಭ್ಯರ್ಥಿಯ ಸಾಮರ್ಥ್ಯ ನೇರವಾಗಿ ಕಾಣದು. ಆದ್ದರಿಂದ ಪದವಿಯಂಥ ಗುರುತನ್ನು ನೋಡುತ್ತಾನೆ. ಸಮರ್ಥನಿಗೆ ಆ ಗುರುತನ್ನು ಗಳಿಸುವ ಶ್ರಮ ಕಡಿಮೆ, ಅಸಮರ್ಥನಿಗೆ ಹೆಚ್ಚು ಎಂಬ ಅಂತರ ಇರುವವರೆಗೆ ಮಾತ್ರ ಆ ಗುರುತಿಗೆ ಬೆಲೆ. ಎಲ್ಲರೂ ಒಂದೇ ಶ್ರಮದಲ್ಲಿ ಪಡೆಯುವಂತಾದ ದಿನ ಅದು ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ. ಪ್ರಮಾಣಪತ್ರಕ್ಕೆ ಆದದ್ದು ಇದೇ. ಅಚ್ಚಿನಲ್ಲಿ ಎರೆದ ಪೋರ್ಟ್‌ಫೋಲಿಯೋಗೆ ಆಗುತ್ತಿರುವುದೂ ಇದೇ.

ಹಾಗಾದರೆ ಯಾವ ಕೆಲಸ ಬೇರ್ಪಡಿಸುತ್ತದೆ? ಸೀತಾಬರ್ಡಿಯಿಂದ ನಡೆದೇ ಹೋಗಬಹುದಾದ ನಾಗಪುರ ರೈಲು ನಿಲ್ದಾಣವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಾಯ್ದಿರಿಸದ ಟಿಕೆಟ್ಟಿಗಾಗಿ ರೈಲ್ವೆ ಯುಟಿಎಸ್ ಎಂಬ ಆ್ಯಪ್ ತಂದಿತ್ತು. 2025ರ ಜುಲೈನಲ್ಲಿ ಬಂದ ರೈಲ್‌ಒನ್ ಆ್ಯಪ್‌ನಲ್ಲಿಯೂ ಆ ಸೌಲಭ್ಯವಿದೆ. ಯುಟಿಎಸ್ ಆ್ಯಪ್‌ನ ಒಂದು ಗುಣ ಹೊಸಬರನ್ನು ಬೆರಗುಗೊಳಿಸುತ್ತಿತ್ತು. ಕಾಗದವಿಲ್ಲದ ಟಿಕೆಟ್ಟನ್ನು ನಿಲ್ದಾಣದಿಂದ ದೂರವಿದ್ದಾಗ ಕೊಡುತ್ತಿದ್ದ ಅದು, ನಿಲ್ದಾಣದೊಳಗೆ ಅಥವಾ ಹಳಿಯ ಪಕ್ಕ ನಿಂತು ಕೇಳಿದರೆ ನಿರಾಕರಿಸುತ್ತಿತ್ತು. ತೀರಾ ದೂರದಿಂದ ಕೊಳ್ಳುವುದಕ್ಕಿದ್ದ ಹೊರಗಿನ ಮಿತಿಯನ್ನು 2024ರಲ್ಲಿ ತೆಗೆದರೂ ಒಳಗಿನ ಮಿತಿಯನ್ನು ಉಳಿಸಿಕೊಂಡರು. ಒಳಗೆ ಬಂದವರು ಗೋಡೆಗೆ ಅಂಟಿಸಿದ ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿ ಕೊಳ್ಳಬೇಕಿತ್ತು.

ವರ್ಧಾಕ್ಕೆ ಹೊರಟ ಪ್ರಯಾಣಿಕನೊಬ್ಬ ಬಾಗಿಲು ದಾಟಿ ಬಂದು ಆ್ಯಪ್ ತೆರೆಯುತ್ತಾನೆ. ಆ್ಯಪ್ ಕೊಡಲೊಲ್ಲೆ ಎನ್ನುತ್ತದೆ. ರೈಲಿಗೆ ಹತ್ತು ನಿಮಿಷ. ಇದೀಗ ವಿನ್ಯಾಸಕಾರರ ಪರೀಕ್ಷೆ.

ಅಚ್ಚಿನ ಪೋರ್ಟ್‌ಫೋಲಿಯೋದಲ್ಲಿ ಈ ಸಮಸ್ಯೆಗೆ ಸಿಗುವ ಪರಿಹಾರವನ್ನು ನಾವು ಮೊದಲೇ ಹೇಳಬಲ್ಲೆವು: ಹಳೆಯ ಬಣ್ಣಕ್ಕೆ ಬದಲಾಗಿ ತಿಳಿ ನೇರಳೆ, ಆರು ಹೆಜ್ಜೆಗಳ ಬದಲು ಮೂರು, ದೊಡ್ಡ ಗುಂಡಿ, ಎಲ್ಲಿ ನಿಂತರೂ ಟಿಕೆಟ್ಟು. ಪುಟ ಸುಂದರ. ಆದರೆ ಆ ನಿಷೇಧ ಅಲ್ಲಿ ಯಾಕಿದೆ ಎಂದು ಕೇಳಿಲ್ಲ. ಟಿಕೆಟ್ ತಪಾಸಕ ಡಬ್ಬಿಗೆ ಹತ್ತಿದ್ದನ್ನು ನೋಡಿ ಆಗ ಮಾತ್ರ ಜೇಬಿನಿಂದ ಮೊಬೈಲು ತೆಗೆದು ಟಿಕೆಟ್ಟು ಕೊಳ್ಳುವ ಜಾಣರನ್ನು ತಡೆಯಲು ಅದು ಇದೆ. ನಿಷೇಧವನ್ನು ಅಳಿಸಿದ ವಿನ್ಯಾಸ ರೈಲ್ವೆಯ ಆದಾಯವನ್ನೂ ಅಳಿಸುತ್ತದೆ. ಅಂಥ ಪುಟವನ್ನು ನೋಡಿ ಮೆಚ್ಚುವ ತಂಡ ತಾನೂ ಆ ಪ್ರಶ್ನೆ ಕೇಳದ ತಂಡವೇ.

ಕೆಲಸ ಬಲ್ಲ ಹುಡುಗಿಯೊಬ್ಬಳು ಇದನ್ನೇ ಹೇಗೆ ಮಾಡಿಯಾಳು? ಮೊದಲು ಎರಡು ಸಂಜೆ ನಿಲ್ದಾಣದ ಮುಂದೆ ನಿಂತು, ಜನ ಆ್ಯಪ್ ತೆರೆಯುವುದು ಎಲ್ಲಿ ಎಂದು ಗುರುತು ಹಾಕಿಕೊಳ್ಳುತ್ತಾಳೆ. ಮನೆಯಲ್ಲಿ ಕುಳಿತು ಟಿಕೆಟ್ಟು ತೆಗೆಯುವವರು ಎಷ್ಟು, ಆಟೋದಿಂದ ಇಳಿದಮೇಲೆ ತೆಗೆಯುವವರು ಎಷ್ಟು ಎಂಬುದು ಅವಳ ಮೊದಲ ಅರಿವು. ಎರಡನೆಯದಾಗಿ, ಮೊಬೈಲು ತೋರಿಸುವ ಸ್ಥಳ ಕಟ್ಟಡಗಳ ನಡುವೆ, ತಗಡಿನ ಚಾವಣಿಯ ಕೆಳಗೆ ಕೆಲವು ಹತ್ತು ಮೀಟರುಗಳಷ್ಟು ತಪ್ಪಬಹುದು; ಆದ್ದರಿಂದ ಹೊರಗೆ ನಿಂತವನೂ ಒಳಗಿದ್ದಾನೆಂದು ಎಣಿಕೆಯಾಗಬಹುದು ಎಂಬುದನ್ನು ತಾನೇ ನಡೆದು ನೋಡಿ ತಿಳಿಯುತ್ತಾಳೆ. ಆಗ ಅವಳ ಸಮಸ್ಯೆಯ ರೂಪವೇ ಬದಲಾಗುತ್ತದೆ. ನಿಷೇಧ ಇರಲಿ, ನಿರಾಕರಣೆಯ ಕ್ಷಣದಲ್ಲಿ ದಾರಿ ತೋರಿಸದಿರುವುದು ದೋಷ. ‘ನೀವು ನಿಲ್ದಾಣದ ಮಿತಿಯೊಳಗಿದ್ದೀರಿ’ ಎಂದು ಹೇಳಿ ಸುಮ್ಮನಾಗುವ ಸಂದೇಶದ ಬದಲು, ‘ಬಾಗಿಲ ಬಳಿಯ ಸಂಕೇತವನ್ನು ಸ್ಕ್ಯಾನ್ ಮಾಡಿ’ ಎಂದು ಹೇಳಿ ಅಲ್ಲಿಯೇ ಕ್ಯಾಮೆರಾ ತೆರೆಯುವ ಗುಂಡಿಯೊಂದನ್ನು ಇಡುತ್ತಾಳೆ. ತುಂಬಿದ ವಿವರಗಳು ಅಳಿಯದಂತೆ ನೋಡಿಕೊಳ್ಳುತ್ತಾಳೆ. ಎರಡನೆಯ ಸಲ ‘ವರ್ಧಾ’ ಎಂದು ಒತ್ತುವಾಗ ಆಗುವ ಸಿಟ್ಟು ಅವಳಿಗೆ ಗೊತ್ತು.

ಆಮೇಲೆ ಕಾಗದದ ಮೇಲೆ ಬರೆದ ಆ ಪರದೆಯನ್ನು ಐದು ಜನರ ಕೈಗೆ ಕೊಡುತ್ತಾಳೆ. ಕೆಲವೇ ಜನರನ್ನು ಗಮನಿಸಿದರೂ ಮುಖ್ಯ ತೊಡಕುಗಳಲ್ಲಿ ಬಹುಪಾಲು ಹೊರಬೀಳುತ್ತವೆ, ಐವರು ಸಾಕು ಎಂದು ಜೇಕಬ್ ನೀಲ್ಸನ್ 2000ದಲ್ಲಿ ಬರೆದದ್ದು ಈ ವೃತ್ತಿಯಲ್ಲಿ ಎಲ್ಲರೂ ಬಲ್ಲ ಮಾತು. ಆದರೆ ಆ ಐವರು ತರಗತಿಯ ಗೆಳೆಯರಾದರೆ ಪ್ರಯೋಜನವಿಲ್ಲ. ಒಬ್ಬರಾದರೂ ಕನ್ನಡಕ ಮರೆತುಬಂದ ಹಿರಿಯರಿರಬೇಕು, ಒಬ್ಬರಾದರೂ ಮರಾಠಿ ಬಿಟ್ಟು ಬೇರೆ ಓದಲಾಗದವರಿರಬೇಕು. ಅವಳು ಬರೆದಿಡುವುದು ‘ಇಷ್ಟವಾಯಿತು’ ಎಂಬ ಮಾತನ್ನಲ್ಲ. ಯಾರ ಸಹಾಯವಿಲ್ಲದೆ ಟಿಕೆಟ್ಟಿನವರೆಗೆ ಮುಟ್ಟಿದವರು ಎಷ್ಟು, ಎಲ್ಲಿ ಬೆರಳು ತಡೆಯಿತು ಎಂಬುದನ್ನು.

ಇಷ್ಟಕ್ಕೆ ಮುಗಿಯಲಿಲ್ಲ. ಯಾರೋ ಕೇಳುತ್ತಾರೆ: ಗೋಡೆಯ ಮೇಲಿನ ಆ ಸಂಕೇತದ ಫೋಟೋ ತೆಗೆದು ಜೇಬಿನಲ್ಲಿಟ್ಟುಕೊಂಡರೆ? ರೈಲಿನಲ್ಲಿ ಕುಳಿತು ತಪಾಸಕ ಕಂಡೊಡನೆ ಅದನ್ನೇ ಸ್ಕ್ಯಾನ್ ಮಾಡಿದರೆ? ಹಳೆಯ ಕಳ್ಳದಾರಿ ಹೊಸ ಬಾಗಿಲಿನಿಂದ ಒಳಬಂತು. ಬದಲಾಗದೆ ನಿಂತ ಚಿತ್ರದ ಜಾಗದಲ್ಲಿ ಆಗಾಗ ಬದಲಾಗುವ ಸಂಕೇತವನ್ನು ಪರದೆಯ ಮೇಲೆ ತೋರಿಸಬಹುದು. ಅದಕ್ಕೆ ಪ್ರತಿ ಬಾಗಿಲಿಗೊಂದು ಪರದೆ, ವಿದ್ಯುತ್ತು, ಕಾವಲು ಬೇಕು. ಚಲಿಸುತ್ತಿರುವ ಮೊಬೈಲಿಗೆ ಟಿಕೆಟ್ಟು ಕೊಡದಿರಬಹುದು. ಆಗ ನಿಂತ ರೈಲಿನೊಳಗಿನ ಜಾಣ ಉಳಿದೇಬಿಡುತ್ತಾನೆ. ಯಾವುದನ್ನು ಆರಿಸಿದಳು, ಯಾವುದನ್ನು ಯಾಕೆ ಕೈಬಿಟ್ಟಳು ಎಂದು ಬರೆದ ಅರ್ಧ ಪುಟ, ಮೆರುಗಿನ ಮೂವತ್ತು ಪರದೆಗಳಿಗಿಂತ ಹೆಚ್ಚು ಹೇಳುತ್ತದೆ. ನಾವು ನೋಡಬೇಕಾದ ಪೋರ್ಟ್‌ಫೋಲಿಯೋ ಈ ಅರ್ಧ ಪುಟ.

ಪ್ರಾಡಕ್ಟ್ ಮ್ಯಾನೇಜರ್ ಆಗಬಯಸುವವನಿಗೂ ಇದೇ ಪ್ರಕರಣ ಸಾಕು, ಆದರೆ ಅವನ ಉತ್ತರದಲ್ಲಿ ಚಿತ್ರವೇ ಇರುವುದಿಲ್ಲ. ಎರಡು ಪುಟದ ಟಿಪ್ಪಣಿ ಇರುತ್ತದೆ. ಯಾವ ಅಂಕಿಯನ್ನು ಎತ್ತಬೇಕು? ನಿರಾಕರಣೆ ಕಂಡವರಲ್ಲಿ ಹತ್ತು ನಿಮಿಷದೊಳಗೆ ಟಿಕೆಟ್ಟು ಪಡೆದವರ ಪ್ರಮಾಣವನ್ನು. ಅದನ್ನು ಎತ್ತುವ ಭರದಲ್ಲಿ ಯಾವ ಅಂಕಿ ಕೆಡಬಾರದು? ರೈಲಿನೊಳಗಿನಿಂದ ಕೊಂಡ ಟಿಕೆಟ್ಟುಗಳ ಸಂಖ್ಯೆ ಏರಬಾರದು. ಮೊದಲು ಎಲ್ಲಿ ಮಾಡಿ ನೋಡುವುದು? ಒಂದು ನಿಲ್ದಾಣದ ಒಂದು ಬಾಗಿಲಿನಲ್ಲಿ. ಎಂಥ ಫಲಿತಾಂಶ ಬಂದರೆ ಕೈಬಿಡುವುದು? ಈ ಕೊನೆಯ ಪ್ರಶ್ನೆಗೆ ಮುಂಚಿತವಾಗಿ ಉತ್ತರ ಬರೆದವನು ವೃತ್ತಿಯನ್ನು ಬಲ್ಲವನು. ಅಂಥವನಿಂದ ‘ಪೋರ್ಟ್‌ಫೋಲಿಯೋ ಜಾಲತಾಣದ ಕೊಂಡಿ’ ಕೇಳುವ ಅರ್ಜಿ ನಮೂನೆಗಳು ಚಿತ್ರಕಾರನ ಅಳತೆಗೋಲಿನಿಂದ ಲೆಕ್ಕಿಗನನ್ನು ಅಳೆಯುತ್ತಿವೆ.

ನೇಮಕಾತಿ ತಂಡಗಳ ಬಗ್ಗೆ ನಮ್ಮ ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ಪೋರ್ಟ್‌ಫೋಲಿಯೋ ಒಂದೇ ಮಾನದಂಡವಾದರೆ ಅದು ಯಾರನ್ನು ಹೊರಗಿಡುತ್ತದೆ? ಬ್ಯಾಂಕಿನ, ಆಸ್ಪತ್ರೆಯ, ರಕ್ಷಣಾ ಇಲಾಖೆಯ ಒಳಗಿನ ತಂತ್ರಾಂಶದ ಮೇಲೆ ದುಡಿದು, ಗೌಪ್ಯತೆಯ ಕರಾರಿಗೆ ಸಹಿ ಹಾಕಿದವರು ಒಂದು ಪರದೆಯನ್ನೂ ಹೊರಗೆ ತೋರಿಸುವಂತಿಲ್ಲ. ಹಗಲು ಕೆಲಸ, ಸಂಜೆ ಮನೆ, ನಡುವೆ ಮಗುವಿನ ಓದು ಎಂದು ಬದುಕುವ ಹೆಣ್ಣುಮಗಳಿಗೆ ಸಂಬಳವಿಲ್ಲದ ಮೂರು ಕಾಲ್ಪನಿಕ ಯೋಜನೆಗಳನ್ನು ಮಾಡಲು ಬಿಡುವೆಲ್ಲಿ? ಮೇಲಾಗಿ ‘ಒಂದು ವಾರದಲ್ಲಿ ನಮ್ಮ ಆ್ಯಪ್ ಮರುವಿನ್ಯಾಸ ಮಾಡಿ ತನ್ನಿ’ ಎಂದು ಪುಕ್ಕಟೆ ಕೆಲಸ ಹೇಳುವ ಕಂಪನಿಗಳಿವೆ. ಇದನ್ನು ‘ಪ್ರತಿಭೆಯ ಪರೀಕ್ಷೆ’ ಎಂದು ಕರೆಯುವುದು ನಾಚಿಕೆಗೇಡು. ವಾರದ ಕೆಲಸ ಬೇಕಾದರೆ ವಾರದ ಕೂಲಿ ಕೊಡಬೇಕು.

ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿಯುವ ನಮ್ಮಂಥವರ ಮೇಲೆ ಇಲ್ಲಿ ಒಂದು ಆಪಾದನೆ ಬರುವುದು ಸಹಜ: ‘ನಿಮಗೆ ಕಾಗದವೇ ದೇವರು.’ ಹೌದು, ನಮ್ಮ ನೇಮಕಾತಿ ನಿಯಮಗಳಲ್ಲಿ ‘ಅಗತ್ಯ ವಿದ್ಯಾರ್ಹತೆ’ ಎಂಬ ಕಲಮು ಇದ್ದೇ ಇರುತ್ತದೆ. ಆ ಕಲಮು ಪ್ರತಿಭೆಯನ್ನು ಕಾಣುವುದಿಲ್ಲ ಎಂಬುದು ನಿಜ. ಆದರೆ ಅಧಿಕಾರಿಯ ಸೋದರಳಿಯನನ್ನೂ ಅದು ಕಾಣುವುದಿಲ್ಲ. ಬರೆದಿಟ್ಟ ಮಾನದಂಡಕ್ಕೆ ಆ ಒಂದು ಶೀಲವಿದೆ. ‘ಈ ಪೋರ್ಟ್‌ಫೋಲಿಯೋದಲ್ಲಿ ಏನೋ ಇದೆ’ ಎಂದು ತಲೆದೂಗುವ ತಂಡ ಆ ‘ಏನೋ’ವನ್ನು ಬರೆದಿಡುವುದಿಲ್ಲ. ಬರೆದಿಡದ ಮಾನದಂಡ ಹೆಚ್ಚಾಗಿ ತಮ್ಮಂತೆಯೇ ಮಾತನಾಡುವವರನ್ನು, ತಾವು ಓದಿದ ಶಾಲೆಯಲ್ಲೇ ಓದಿದವರನ್ನು ಮೆಚ್ಚುತ್ತದೆ.

ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಐ. ಎ. ರಿಚರ್ಡ್ಸ್ ಕೇಂಬ್ರಿಜ್‌ನಲ್ಲಿ ನಡೆಸಿದ ಪ್ರಯೋಗ ನೆನಪಿದ್ದೀತು. ಕವಿಯ ಹೆಸರು ಅಳಿಸಿದ ಪದ್ಯಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು ಅಭಿಪ್ರಾಯ ಬರೆಸಿದರು. 1929ರಲ್ಲಿ ಆ ಬರಹಗಳನ್ನಾಧರಿಸಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಎಂಬ ಪುಸ್ತಕ ತಂದರು. ಹೆಸರಿನ ಆಸರೆ ತಪ್ಪಿದೊಡನೆ ಒಳ್ಳೆಯ ಓದುಗರೆನಿಸಿಕೊಂಡವರ ತೀರ್ಮಾನಗಳೂ ದಿಕ್ಕಾಪಾಲಾದವು. ನೇಮಕಾತಿ ತಂಡಗಳು ಈ ಪ್ರಯೋಗವನ್ನು ತಮ್ಮ ಮೇಲೆ ಒಮ್ಮೆ ಮಾಡಿಕೊಳ್ಳಲಿ. ಕಾಲೇಜು, ಹಳೆಯ ಕಂಪನಿ, ಪ್ರಮಾಣಪತ್ರ ಎಲ್ಲವನ್ನೂ ಮುಚ್ಚಿ, ಒಂದೇ ಪ್ರಕರಣವನ್ನು ಇಬ್ಬರು ಬೇರೆ ಬೇರೆಯಾಗಿ ಓದಿ ಅಂಕ ಕೊಡಲಿ. ಇಬ್ಬರ ಅಂಕ ಹತ್ತಿರವೂ ಬರದಿದ್ದರೆ ಅವರು ಅಳೆಯುತ್ತಿರುವುದು ಅಭ್ಯರ್ಥಿಯ ಕೆಲಸವನ್ನಲ್ಲ, ತಂತಮ್ಮ ರುಚಿಯನ್ನು.

ಅಳೆಯುವ ಬಗೆ ಕಷ್ಟದ್ದೇನಲ್ಲ. ಅಭ್ಯರ್ಥಿ ತಂದ ಮೂರರಲ್ಲಿ ಒಂದನ್ನು ಆರಿಸಿ ಮುಕ್ಕಾಲು ಗಂಟೆ ಅದರ ಮೇಲೆಯೇ ಮಾತನಾಡಬೇಕು. ಇದರಲ್ಲಿ ನಿಮ್ಮ ಪಾಲು ಎಷ್ಟು, ಉಳಿದವರದು ಎಷ್ಟು? ಬಿಟ್ಟುಬಿಟ್ಟ ದಾರಿ ಯಾವುದು? ಪರೀಕ್ಷೆಯ ನಂತರ ಏನು ಬದಲಾಯಿತು? ಮಾಡದವನು ಎರಡನೆಯ ಪ್ರಶ್ನೆಗೇ ತಡವರಿಸುತ್ತಾನೆ. ಮಾಡಿದವಳು ಬಿಟ್ಟ ದಾರಿಯ ಬಗ್ಗೆಯೇ ಹೆಚ್ಚು ಉತ್ಸಾಹದಿಂದ ಮಾತನಾಡುತ್ತಾಳೆ. ತೋರಿಸಲಾಗದ ಕೆಲಸ ಮಾಡಿದವರಿಗೆ ಹಲಗೆಯ ಮುಂದೆ ಒಂದು ಸಣ್ಣ ಸಮಸ್ಯೆ ಕೊಟ್ಟು, ಅಲ್ಲಿಯೇ, ತಂಡದವರೂ ಜೊತೆಗೆ ನಿಂತು ಬಿಡಿಸಬಹುದು. ಎಲ್ಲರಿಗೂ ಅದೇ ಪ್ರಶ್ನೆ, ಅಂಕದ ಪಟ್ಟಿ ಮೊದಲೇ ಸಿದ್ಧ.

ಹಾಗೆಂದು ಪ್ರಮಾಣಪತ್ರ ಹರಿದೆಸೆಯಬೇಕಾದ ಕಾಗದವಲ್ಲ. ಕ್ಷೇತ್ರ ಬದಲಿಸುವವರಿಗೆ ವೃತ್ತಿಯ ಪದಗಳನ್ನು ಅದು ಕಲಿಸುತ್ತದೆ. ಅರ್ಜಿಗಳನ್ನು ಮೊದಲು ಜರಡಿ ಹಿಡಿಯುವ ಕಡೆ ಒಂದು ಸಾಲಾಗಿ ನೆರವಾಗುತ್ತದೆ. ಸರ್ಕಾರಿ ಟೆಂಡರುಗಳಲ್ಲಿ ಸಿಬ್ಬಂದಿಯ ಅರ್ಹತೆಗೆ ಅಂಕವಿರುವಲ್ಲಿ ಕಂಪನಿಗಳೇ ಅದನ್ನು ಕೇಳಿ ಪಡೆಯುತ್ತವೆ. ಅಷ್ಟು ಕೆಲಸಕ್ಕೆ ಅಷ್ಟು ಬೆಲೆ ಸರಿ. ಆದರೆ ‘ಪ್ರಮಾಣಪತ್ರ ಮತ್ತು ಮೂರು ಪೋರ್ಟ್‌ಫೋಲಿಯೋ ಯೋಜನೆ ಖಚಿತ’ ಎಂದು ದೊಡ್ಡ ಮೊತ್ತ ಕೇಳುವ ತರಬೇತುದಾರರಿಗೆ ನಮ್ಮ ಪ್ರಶ್ನೆ ಒಂದೇ: ಆ ಯೋಜನೆಗಳಲ್ಲಿ ನಿಮ್ಮ ವಿದ್ಯಾರ್ಥಿ ನಿಜವಾದ ಒಬ್ಬ ಬಳಕೆದಾರನಿಂದ ‘ಇದು ನನಗೆ ಬೇಡ’ ಎಂಬ ಮಾತನ್ನು ಎಷ್ಟು ಸಲ ಕೇಳುತ್ತಾನೆ? ಒಮ್ಮೆಯೂ ಇಲ್ಲವಾದರೆ ನೀವು ಮಾರುತ್ತಿರುವುದು ಕಾಗದವನ್ನೇ, ಬಣ್ಣ ಹಚ್ಚಿ.

ಹೊರನಾಡಿನ ಕನ್ನಡದ ಮಕ್ಕಳಿಗೆ ಇಲ್ಲಿ ಬೇರೆಯವರಿಗಿಲ್ಲದ ಒಂದು ಸಾಮಗ್ರಿ ಕೈಯಲ್ಲೇ ಇದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷು. ಇಂಗ್ಲಿಷಿಗೆ ಅಳತೆ ಮಾಡಿದ ಗುಂಡಿಯಲ್ಲಿ ‘ಕಾಯ್ದಿರಿಸಿಕೊಳ್ಳಿ’ ಎಂಬ ಪದ ತುಂಡಾಗುವುದನ್ನು, ಸಾಲಿನ ಎತ್ತರ ಸಾಲದೆ ‘ಕ್ಷೇತ್ರ’ದ ಕೆಳಗಿನ ಒತ್ತು ಕತ್ತರಿಸಿಹೋಗುವುದನ್ನು ಅವರು ದಿನವೂ ಕಾಣುತ್ತಾರೆ. ಕಾಲ್ಪನಿಕ ಕಾಫಿ ಅಂಗಡಿಯನ್ನು ಬಿಟ್ಟು, ಅಜ್ಜಿಯ ಮೊಬೈಲಿನಲ್ಲಿ ಕೈಕೊಡುವ ಅಂಥ ಒಂದು ಪರದೆಯನ್ನು ಹಿಡಿಯಲಿ. ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ, ತಿದ್ದಿದ್ದರಿಂದ ಬೇರೇನು ಕೆಟ್ಟಿತು ಎಂದು ಬರೆಯಲಿ. ಅದನ್ನು ಓದಲು ಬಾರದ ನೇಮಕಾತಿ ತಂಡಕ್ಕೆ ಪ್ರಮಾಣಪತ್ರ ತೋರಿಸಿದರೇನು, ಪೋರ್ಟ್‌ಫೋಲಿಯೋ ತೋರಿಸಿದರೇನು?